ಪಕ್ಕದ ಗಾಣದ ಪಂಚಾಂಗ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ಕಡೆ ಕೊಬ್ಬರಿ ಎಣ್ಣೆಯ ಮರದ ಗಾಣ ಇಟ್ಟುಕೊಂಡವರಲ್ಲಿ ಒಂದು ಜಾತಿಯ ಯಜಮಾನರಿದ್ದಾರೆ. ಬೆಳಗ್ಗೆ ಎದ್ದು ದೇವರ ಪಟ ನೋಡುವ ಮೊದಲು ಎದುರಾಳಿಯ ವಾಟ್ಸಾಪ್ ಸ್ಟೇಟಸ್ ನೋಡುವವರು. ನನಗೆ ಪರಿಚಯವಿರುವವರನ್ನು ಗಾಣದಣ್ಣ ಎಂದೇ ಕರೆಯೋಣ. ಅವರ ಎದುರಾಳಿ ಬೈಪಾಸ್ ಕಡೆಯವನು. ಅವನ ಹೆಸರನ್ನು ಗಾಣದಣ್ಣ ಬಾಯಲ್ಲಿ ತರುವುದಿಲ್ಲ. ‘ಅವ್ನು’ ಅಂದರೆ ಸಾಕು, ಗಾಣ ತಿರುಗಿಸುವ ಹುಡುಗನಿಂದ ಹಿಡಿದು ಮನೆಯವರವರೆಗೆ ಎಲ್ಲರಿಗೂ ಅರ್ಥವಾಗುತ್ತದೆ.

ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತದೆ. ಹಾಗಾಗಿ ಗಾಣದಣ್ಣ ಮದುವೆಗೆ ಹೋದರೂ ಊಟದ ಸಾಲಿನಲ್ಲೇ ಹಾಜರಿ ಹಾಕುತ್ತಾರೆ. ಶುರುವಿನಲ್ಲಿ ಒಂದು ಫಜೀತಿ ಆಗಿತ್ತು. ಸ್ಟೇಟಸ್ ಯಾರು ನೋಡಿದರು ಅನ್ನುವುದು ಹಾಕಿದವನಿಗೆ ಗೊತ್ತಾಗುತ್ತದೆ, ಮತ್ತು ಆ ಪಟ್ಟಿಯಲ್ಲಿ ಇವರ ಹೆಸರು ದಿನಾ ಮೊದಲನೆಯದು. ಅದನ್ನು ಮಗಳು ಹೇಳಿದ ಮೇಲೆ ನೀಲಿ ಟಿಕ್ ಬರುವುದನ್ನು ಆಫ್ ಮಾಡಿಸಿಕೊಂಡರು. ಈಗ ಇವರು ನೋಡಿದ್ದು ಅವನಿಗೆ ಕಾಣುವುದಿಲ್ಲ. ಆದರೆ ಇವರ ಸ್ಟೇಟಸನ್ನು ಅವನು ನೋಡಿದನೋ ಇಲ್ಲವೋ ಅನ್ನುವುದೂ ಇವರಿಗೆ ಕಾಣುವುದಿಲ್ಲ. ಈ ಒಂದು ಕೊರಗು ಉಳಿದುಕೊಂಡಿದೆ.

ಮಂಡಿ ಲೆಕ್ಕಕ್ಕೆಂದು ತಂದ ಕೆಂಪು ರಟ್ಟಿನ ಪುಸ್ತಕದಲ್ಲಿ ಅವನ ಪೋಸ್ಟುಗಳದ್ದೇ ಖಾತೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಭಾಷೆ, ಕೊನೆಗೆ ನೋಡಿದವರಿಗೆ ಏನು ಮಾಡಿ ಅಂತ ಹೇಳಿದ್ದಾನೆ, ಇಷ್ಟೇ ಬರೆಯುತ್ತಾರೆ. ಲೈಕು ಬರೆಯುವುದಿಲ್ಲ. ‘ಲೈಕೆಲ್ಲ ನೆಂಟರದ್ದು ಸ್ವಾಮಿ. ಎಣ್ಣೆ ತಗಳೋನು ಲೈಕ್ ಒತ್ತಲ್ಲ, ರೇಟ್ ಕೇಳ್ತಾನೆ’ ಅನ್ನುತ್ತಾರೆ. ನಗಬೇಡಿ, ಈ ಮಾತಿನಲ್ಲಿ ಹುರುಳಿದೆ. ‘ಅಂಗಡಿಗೆ ಬನ್ನಿ’ ಅಂತ ಮುಗಿಸುವವನ ಕಣ್ಣು ಊರಿನವರ ಮೇಲೆ. ‘ವಿಳಾಸ ಕಳಿಸಿ’ ಅಂದರೆ ಕೊರಿಯರ್ ವ್ಯಾಪಾರ. ‘ವಿತರಕರು ಬೇಕಾಗಿದ್ದಾರೆ’ ಅಂತ ಶುರುವಾದರೆ ಅವನು ಬಾಟಲಿ ಮಾರಿ ಸಾಕಾಗಿ ಟಿನ್ನಿನ ಲೆಕ್ಕಕ್ಕೆ ಇಳಿದಿದ್ದಾನೆ ಅಂತ ತಿಳಿಯಬೇಕು.

ಗಾಣದಣ್ಣನ ಬುದ್ಧಿಯನ್ನು ನಾನು ಒಪ್ಪಿಕೊಂಡದ್ದು ಒಂದು ಡಿಸೆಂಬರಿನಲ್ಲಿ. ‘ಎಣ್ಣೆ ಗಟ್ಟಿಯಾದರೆ ಗಾಬರಿ ಬೇಡ, ಇದು ಶುದ್ಧತೆಯ ಗುರುತು’ ಅಂತ ಅವನೊಂದು ವಿಡಿಯೋ ಬಿಟ್ಟ. ಎರಡು ದಿನಕ್ಕೆ ಅದೇ ಮಾತು ಇಂಗ್ಲಿಷಿನಲ್ಲಿ, ರಾತ್ರಿ ಒಂಬತ್ತರ ಮೇಲೆ. ಮರುವಾರ ಮೂರನೇ ಸಲ. ನಾನು ಅದನ್ನು ಬರೀ ಜಾಹೀರಾತು ಅಂದುಕೊಂಡೆ. ಗಾಣದಣ್ಣ ಪುಸ್ತಕದ ಮೇಲೆ ಬೆರಳಿಟ್ಟು ಬಿಡಿಸಿದರು.

‘24 ಡಿಗ್ರಿ ಹತ್ರಕ್ಕೆ ಇಳಿದ್ರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತೆ, ಇದು ನಮ್ ಊರಲ್ಲಿ ಮಗೀಗೂ ಗೊತ್ತು. ಅಜ್ಜಿ ಬಾಟ್ಲಿನ ಬಿಸ್ಲಿಗಿಡ್ತಾಳೆ, ಅಷ್ಟೆ. ಇದನ್ನ ಹೇಳ್ಕೊಡ್ಬೇಕು ಅಂದ್ರೆ ಕೇಳೋನು ನಮ್ಮೋನಲ್ಲ. ಬೆಂಗಳೂರು ಅಪಾರ್ಟ್‌ಮೆಂಟ್ನೋರು, ಅದೂ ಮೊದಲ್ನೇ ಸಲ ಗಾಣದೆಣ್ಣೆ ತಗಂಡೋರು. ಮೂರ್ ಸಲ ಹೇಳ್ತಾನೆ ಅಂದ್ರೆ ವಾಪಸ್ ಕಳ್ಸಿರೋರೂ ಇದಾರೆ.’

ಕೆಳಗಿನ ಕಾಮೆಂಟುಗಳನ್ನು ತೆಗೆದು ತೋರಿಸಿದರು. ‘ಮೇಣ ಬೆರೆಸಿದ್ದೀರಾ’ ಅಂತ ಒಬ್ಬರು ಕೇಳಿದ್ದರು. ಅದಕ್ಕೆ ಉತ್ತರವಿತ್ತು. ‘ಕೊರಿಯರ್ ಚಾರ್ಜ್ ಎಷ್ಟು’ ಅಂತ ಏಳೆಂಟು ಜನ ಕೇಳಿದ್ದರು. ಅದಕ್ಕೆ ಒಂದಕ್ಕೂ ಉತ್ತರವಿರಲಿಲ್ಲ. ಗಾಣದಣ್ಣ ಅಲ್ಲಿ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದರು. ಚಾರ್ಜ್ ಹೇಳಿದರೆ ಗಿರಾಕಿ ಓಡುತ್ತಾನೆ ಅನ್ನುವ ಭಯ ಇರುವವನು ಮಾತ್ರ ಹಾಗೆ ಸುಮ್ಮನಿರುತ್ತಾನೆ ಅನ್ನುವುದು ಅವರ ತೀರ್ಮಾನ.

ಇದಕ್ಕಿಂತ ದೊಡ್ಡ ಗುಟ್ಟು ಸಿಕ್ಕಿದ್ದು ಅವನು ಹಾಕದೆ ಬಿಟ್ಟ ಪೋಸ್ಟಿನಿಂದ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 20,000 ದಾಟಿ ಮೇಲಕ್ಕೆ ಹೋಯಿತು. ಅಲ್ಲಿಯವರೆಗೆ ವಾರವಾರ ‘ಲೀಟರಿಗೆ ಇಷ್ಟು’ ಅಂತ ಹಾಕುತ್ತಿದ್ದವನು ‘ಬೆಲೆಗೆ ಮೆಸೇಜ್ ಮಾಡಿ’ ಅನ್ನತೊಡಗಿದ. ಒಂದು ಲೀಟರ್ ಎಣ್ಣೆಗೆ ಸುಮಾರು ಒಂದೂವರೆ ಕೆಜಿ ಕೊಬ್ಬರಿ ಬೇಕು. ಕೊಬ್ಬರಿ ಕೆಜಿಗೆ ನೂರು ರೂಪಾಯಿ ಏರಿದರೆ ಎಣ್ಣೆ ಲೀಟರಿಗೆ ನೂರೈವತ್ತು ಏರಲೇಬೇಕು. ಹಿಂಡಿ ಮಾರಿದ ದುಡ್ಡು ಅದನ್ನು ತುಂಬಿಕೊಡುವುದಿಲ್ಲ. ಗಾಣದಣ್ಣ ಇಷ್ಟಕ್ಕೇ ತೃಪ್ತರಾಗಲಿಲ್ಲ. ಅವನ ಬೆಲೆಯ ಪೋಸ್ಟು ನಿಂತ ವಾರಗಳನ್ನೂ ಹರಾಜಿನ ಧಾರಣೆ ಜಿಗಿದ ವಾರಗಳನ್ನೂ ಪಕ್ಕಪಕ್ಕ ಬರೆದು ನೋಡಿದರು. ಒಮ್ಮೆ ಸರಿಹೊಂದಿದರೆ ಕಾಕತಾಳೀಯ ಅನ್ನಬಹುದಿತ್ತು. ಸಾಲಾಗಿ ನಾಲ್ಕು ಸಲ ಹೊಂದಿತು.

‘ಅವನ ಅಟ್ಟದಲ್ಲಿ ಕಾಯಿಲ್ಲ’ ಅಂದರು, ಪತ್ತೇದಾರನ ಮುಖ ಮಾಡಿ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟು ಒಳಗಿನ ನೀರು ಇಂಗಿ ಗಿಟುಕು ಚಿಪ್ಪು ಬಿಟ್ಟ ಮೇಲೆ ಸುಲಿದು ಒಡೆಸುವವನಿಗೆ ಧಾರಣೆ ಏರಿದರೂ ಕೆಲವು ದಿನ ಹಳೇ ಬೆಲೆಯಲ್ಲಿ ನಿಲ್ಲುವ ತಾಕತ್ತಿರುತ್ತದೆ. ವಾರದ ಕೊಬ್ಬರಿಯನ್ನು ವಾರವೇ ಕೊಳ್ಳುವವನಿಗೆ ಅದಿಲ್ಲ.

ಪುಸ್ತಕಕ್ಕೆ ಈಚೆಗೆ ಇನ್ನೊಂದು ಕಾಲಂ ಸೇರಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಯಾವ ಪೇಜು ಯಾವ ಜಾಹೀರಾತನ್ನು ಎಂದಿನಿಂದ ಓಡಿಸುತ್ತಿದೆ ಅಂತ ಮೆಟಾ ಕಂಪನಿಯ ಆ್ಯಡ್ ಲೈಬ್ರರಿಯಲ್ಲಿ ಯಾರು ಬೇಕಾದರೂ ನೋಡಬಹುದು. ನಾಲ್ಕು ದಿನಕ್ಕೆ ನಿಂತ ಜಾಹೀರಾತನ್ನು ಗಾಣದಣ್ಣ ಕಡೆಗಣಿಸುತ್ತಾರೆ. ಎರಡು ತಿಂಗಳಿಂದ ದುಡ್ಡು ಕೊಟ್ಟು ಓಡಿಸುತ್ತಿದ್ದರೆ ಅದರಿಂದ ಅವನಿಗೆ ಏನೋ ಗಿಟ್ಟುತ್ತಿದೆ ಅಂತ ಲೆಕ್ಕ. ಬಾಣಂತಿಯರಿಗೆ, ಕೂಸಿನ ಮೈ ತಿಕ್ಕುವುದಕ್ಕೆ ಅಂತ ಹಾಕಿದ್ದೊಂದು ಹಾಗೆ ಓಡುತ್ತಲೇ ಇದೆ. ಹಬ್ಬದ ಶುಭಾಶಯಗಳನ್ನು ಮಾತ್ರ ಅವರು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಅವು ಯಾರದೋ ಆಫೀಸಿನಿಂದ ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಬರುವಂಥವು.

ಇಷ್ಟು ಜಾಣರಾದರೂ ಒಂದು ಮಾರ್ಚಿನಲ್ಲಿ ಮುಗ್ಗರಿಸಿದರು. ದಿನಾ ಎರಡು ಹಾಕುತ್ತಿದ್ದವನು ಏಕಾಏಕಿ ಸುಮ್ಮನಾದ. ಒಂದು ವಾರ ಸ್ಟೇಟಸ್ ಇಲ್ಲ, ರೀಲ್ಸ್ ಇಲ್ಲ. ಗಾಣದಣ್ಣನಿಗೆ ನಿದ್ದೆಯೂ ಇಲ್ಲ. ಕೊಬ್ಬರಿ ಸಿಗುತ್ತಿಲ್ಲ, ಗಾಣ ನಿಂತಿದೆ, ಅವನ ಬೆಂಗಳೂರಿನ ಗಿರಾಕಿಗಳೆಲ್ಲ ಇನ್ನು ನಮ್ಮ ಕಡೆಗೇ ಅಂತ ಐನೂರು ಖಾಲಿ ಬಾಟಲಿ ತರಿಸಿ ಜೋಡಿಸಿಟ್ಟರು. ಬೈಪಾಸ್ ಕಡೆ ಹೋಗಿ ಗಾಣದ ಸದ್ದು ಕೇಳಿ ಬರುವ ಯೋಚನೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಹತ್ತು ನಿಮಿಷದ ಕೆಲಸ. ಅವನ ಪೋಸ್ಟುಗಳನ್ನೆಲ್ಲ ಮಾಡುತ್ತಿದ್ದದ್ದು ಅವನ ಮಗ, ಮಗನಿಗೆ ಆಗ ಪಿಯುಸಿ ಪರೀಕ್ಷೆ. ಪರೀಕ್ಷೆ ಮುಗಿದ ಮಧ್ಯಾಹ್ನವೇ ಮೂರು ರೀಲ್ಸ್ ಬಂದವು. ಒಂದರಲ್ಲಿ ಹುಡುಗ ಕುಣಿದೂ ಇದ್ದ.

ಆ ಬಾಟಲಿಗಳ ಧೂಳು ಒರೆಸುತ್ತಾ ಮನೆಯವರು ಒಂದು ದಿನ ಕೇಳಿಯೇಬಿಟ್ಟರು: ‘ಏನ್ರೀ, ಅವರದ್ದನ್ನ ಇಷ್ಟ್ ನೋಡ್ತೀರಲ್ಲ, ನೀವ್ ಹಾಕೋದ್ ಯಾವಾಗ?’

ಗಾಣದಣ್ಣ ಮೂರು ದಿನ ಪುಸ್ತಕ ಹಿಡಿದು ಕೂತರು. ಅವನ ಹುಳುಕಿನ ಮೇಲೇ ಏಟು ಬೀಳಬೇಕು ಅಂತ ಅಟ್ಟದ ಮೇಲೆ ನಿಂತು ಕಾಯಿಯ ರಾಶಿ ಕಾಣುವಂತೆ ಫೋಟೋ ತೆಗೆಸಿದರು. ಕೆಳಗೆ ಬೆಲೆ, ಅದರ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ‘ಕೊರಿಯರ್ ಚಾರ್ಜ್ ಸೇರಿ’. ರಾತ್ರಿ ಸರಿಯಾಗಿ ಒಂಬತ್ತಕ್ಕೆ ಹಾಕಿದರು. ಹತ್ತು ನಿಮಿಷದಲ್ಲಿ ಮೊದಲ ಕಾಮೆಂಟ್ ಬಂತು: ‘ಕೊರಿಯರ್ ಎಷ್ಟಾಗುತ್ತೆ ಅಣ್ಣ?’

ಮಗಳು ಬಿದ್ದು ಬಿದ್ದು ನಕ್ಕಳು. ಗಾಣದಣ್ಣ ನಗಲಿಲ್ಲ. ‘ಇದು ಅವ್ನೇ ಕಣಮ್ಮ, ಬೇರೆ ಹೆಸರಲ್ಲಿ ಬಂದವ್ನೆ’ ಅಂದವರೇ ಕಾಮೆಂಟಿಗೆ ಉತ್ತರ ಕೊಡುವುದನ್ನೂ ಬಿಟ್ಟು, ಆ ಖಾತೆಯವನು ಇದುವರೆಗೆ ಹಾಕಿದ್ದನ್ನೆಲ್ಲ ಮೊದಲಿನಿಂದ ನೋಡಲು ಕನ್ನಡಕ ಹುಡುಕಿದರು.