ಟ್ರಂಕೋದ್ಭವ ಸುಂದರಿ: ಒಂದು ಶಾಸ್ತ್ರೀಯ ಜಿಜ್ಞಾಸೆ

ಮೊದಲು ಲಕ್ಷಣ. ಬೇಸಿಗೆ ರಜೆ, ಅಜ್ಜನ ಮನೆ, ಅಟ್ಟ, ತಗಡಿನ ಟ್ರಂಕು, ಅದರ ತಳದಲ್ಲಿ ಯಾರದೆಂದು ತಿಳಿಯದ ಹೆಣ್ಣಿನ ಫೋಟೋ: ಈ ಐದೂ ಕೂಡಿದ್ದು ಸಣ್ಣಕತೆ. ಫೋಟೋ ಸಿಗದಿದ್ದರೆ ಅದು ಬರೀ ಅಟ್ಟ ಗುಡಿಸುವ ಕೆಲಸ.

ಈ ಪ್ರಕಾರದ ಮೂಲಪುರುಷ ಯಾರು ಎಂಬ ಬಗ್ಗೆ ಪ್ರಬಂಧಕಾರರಿಗೆ ಅನುಮಾನವೇ ಇಲ್ಲ: ಕಾಳಿದಾಸ. ಶಕುಂತಲೆಯ ಉಂಗುರ ಮೀನಿನ ಹೊಟ್ಟೆಯಿಂದ ಈಚೆ ಬಂತು, ಮರೆತ ದುಷ್ಯಂತನಿಗೆ ನೆನಪು ಬಂತು. ಮುಂದಿನ ಕತೆಗಾರರು ಮೀನಿನ ಜಾಗದಲ್ಲಿ ಟ್ರಂಕನ್ನಿಟ್ಟರು, ಬೆಸ್ತನ ಜಾಗದಲ್ಲಿ ಮೊಮ್ಮಗಳನ್ನಿಟ್ಟರು. ಭರತನ ರಸಸೂತ್ರಕ್ಕೂ ಕತೆ ಸಲೀಸಾಗಿ ಹೊಂದುತ್ತದೆ. ಫೋಟೋದ ಹೆಂಗಸು ಆಲಂಬನ ವಿಭಾವ, ನುಸಿಗುಳಿಗೆಯ ವಾಸನೆ ಉದ್ದೀಪನ ವಿಭಾವ, ಅಡುಗೆಮನೆಯಲ್ಲಿ ಅಜ್ಜಿಯ ಸೌಟು ತಟ್ಟನೆ ನಿಲ್ಲುವುದು ಅನುಭಾವ. ಸ್ಥಾಯಿಭಾವ ಅಜ್ಜನದು, ಆದರೆ ಅಜ್ಜ ಈ ಹೊತ್ತಿಗೆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುತ್ತಾನಾದ್ದರಿಂದ ವಿಚಾರಣೆಗೆ ಸಿಗುವುದಿಲ್ಲ.

ಕತೆಯ ಮೊದಲ ಎಡವಟ್ಟು ಬಣ್ಣದ್ದು. ಮೊಮ್ಮಗಳು ಕಪ್ಪು ಬಿಳುಪಿನ ಚಿತ್ರ ನೋಡಿ, ಹಣೆಯ ಬೊಟ್ಟು ಕಪ್ಪಾಗಿದೆ, ಕುಂಕುಮವಲ್ಲ, ಆದ್ದರಿಂದ ಈಕೆಯ ಬಾಳಿನಲ್ಲಿ ಏನೋ ದುರಂತ ನಡೆದಿದೆ ಎಂದು ತೀರ್ಮಾನಿಸುತ್ತಾಳೆ. ಇದಕ್ಕೆ ಉತ್ತರ ಜರ್ಮನಿಯಲ್ಲಿದೆ. 1873ರಲ್ಲಿ ಹರ್ಮನ್ ಫೋಗೆಲ್ ಎಂಬ ರಸಾಯನಜ್ಞ, ಪ್ಲೇಟಿನ ಲೇಪಕ್ಕೆ ಕೆಲವು ಬಣ್ಣದ ಪದಾರ್ಥ ಬೆರೆಸಿದರೆ ಅದು ಹಸಿರು ಬೆಳಕನ್ನೂ ಹಿಡಿಯುತ್ತದೆಂದು ಕಂಡುಕೊಂಡ. ಅದರಿಂದ ಹುಟ್ಟಿದ ಆರ್ಥೋಕ್ರೊಮ್ಯಾಟಿಕ್ ಪ್ಲೇಟಿಗೆ ಕೆಂಪು ಮಾತ್ರ ಕಾಣುತ್ತಿರಲಿಲ್ಲ. ಸ್ಟುಡಿಯೋದವರು ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ಧೈರ್ಯವಾಗಿ ಕೆಲಸ ಮಾಡುತ್ತಿದ್ದುದೂ ಇದೇ ಕಾರಣಕ್ಕೆ. ಅಂಥ ಪ್ಲೇಟಿನಲ್ಲಿ ಕುಂಕುಮ ಕಪ್ಪಾಗಿ ಬೀಳುತ್ತದೆ, ಕೆಂಪು ಸೀರೆಯೂ ಕಪ್ಪಾಗುತ್ತದೆ. ಅಂದರೆ ದುರಂತ ನಡೆದಿರುವುದು ರಾಸಾಯನಿಕದಲ್ಲಿ.

ಎರಡನೆಯದು ಅರಮನೆ. ಹೆಂಗಸಿನ ಬೆನ್ನ ಹಿಂದೆ ಮೆಟ್ಟಿಲು, ಕಂಬ, ಕೆಳಗಿಳಿಬಿಟ್ಟ ಪರದೆ. ಅಜ್ಜನ ಹಳೇ ಫೋಟೋದಲ್ಲೂ ಅದೇ ಮೆಟ್ಟಿಲು, ಅದೇ ಕಂಬ! ಇಬ್ಬರೂ ಒಂದೇ ಸಂಜೆ ಯಾವುದೋ ಅರಮನೆಯಲ್ಲಿ ಭೇಟಿಯಾಗಿದ್ದರೆಂದು ಕತೆ ನಾಲ್ಕು ಪುಟ ನಿಟ್ಟುಸಿರಿಡುತ್ತದೆ. ಆ ಮೆಟ್ಟಿಲು ಬಟ್ಟೆಯ ಮೇಲೆ ಬರೆದದ್ದು. ಸ್ಟುಡಿಯೋದಲ್ಲಿ ಅಂಥದೊಂದು ಪರದೆಯನ್ನು ತೂಗುಹಾಕಿದರೆ ವರ್ಷಗಟ್ಟಲೆ ಇಳಿಸುತ್ತಿರಲಿಲ್ಲ. ಊರಿನ ವಕೀಲರು, ದಿನಸಿ ಅಂಗಡಿಯವರು, ಮದುವಣಿಗರೆಲ್ಲ ಅದರ ಮುಂದೆಯೇ ನಿಂತು ಹೋದವರು. ಪರದೆ ಒಂದೇ ಆಗಿದ್ದರೆ ಸ್ಟುಡಿಯೋ ಒಂದೇ ಎಂದಾಯಿತು, ಸಂಜೆ ಒಂದೇ ಎಂದಾಗಲಿಲ್ಲ.

ಇನ್ನು ಕೆನ್ನೆಯ ಮಚ್ಚೆ. ಕೆಲವು ಕತೆಗಾರರು ಇಡೀ ರಹಸ್ಯವನ್ನು ಈ ಮಚ್ಚೆಯ ಮೇಲೆ ನಿಲ್ಲಿಸುತ್ತಾರೆ. ಸ್ಟುಡಿಯೋದ ರಿಟಚಿಂಗ್ ಕೆಲಸದವನು ನೆಗೆಟಿವ್ವನ್ನು ಬೆಳಕಿಗಿಟ್ಟು, ಚೂಪಾಗಿ ಹೆರೆದ ಪೆನ್ಸಿಲಿನಿಂದ ಗುಳ್ಳೆ, ಸುಕ್ಕು, ಕಣ್ಣಡಿಯ ಕಪ್ಪನ್ನೆಲ್ಲ ಸಣ್ಣ ಸಣ್ಣ ಗೀರೆಳೆದು ಮುಚ್ಚುತ್ತಿದ್ದ. ನೆಗೆಟಿವಿನಲ್ಲಿ ಪೆನ್ಸಿಲ್ ಬಿದ್ದಲ್ಲಿ ಪ್ರಿಂಟು ಬೆಳ್ಳಗಾಗುತ್ತದೆ. ಅವನ ಕೈಗೆ ಸಿಕ್ಕ ಮಚ್ಚೆ ಮೊಮ್ಮಗಳ ಕಾಲದವರೆಗೆ ಉಳಿಯಲಿಕ್ಕಿಲ್ಲ.

ಹಾಗಾದರೆ ಈ ಹೆಂಗಸು ಯಾರು? ಪೂರ್ವಪಕ್ಷದವರು ಒಕ್ಕೊರಲಿನಿಂದ ‘ಅಜ್ಜನ ಮೊದಲ ಪ್ರೇಮ’ ಎನ್ನುತ್ತಾರೆ. ಸಿದ್ಧಾಂತಕ್ಕಾಗಿ ಫೋಟೋ ತಿರುಗಿಸಬೇಕು. ಒಂದು ಮಾದರಿ ಕತೆಯನ್ನೇ ತೆಗೆದುಕೊಂಡರೆ, ಹಿಂಬದಿಯಲ್ಲಿ ಮಾಸಿದ ಮಸಿಯಲ್ಲಿ ‘ಉ.ಭಾ. 2, ಕೌಶಿಕ’ ಎಂದಿದೆ. ಮೊಮ್ಮಗಳು ಅದನ್ನು ‘ಉತ್ತರ ಭಾರತ’ ಎಂದು ಓದಿ, ಕೌಶಿಕ ಎಂಬ ಖಳನಾಯಕನೊಬ್ಬ ಅವಳನ್ನು ಕಾಶಿಗೆ ಕರೆದೊಯ್ದನೆಂಬಲ್ಲಿಗೆ ಬಂದು ನಿಂತಿದ್ದಾಳೆ.

ಅಜ್ಜಿ ಕನ್ನಡಕ ಏರಿಸಿ ನೋಡುತ್ತಾಳೆ. “ಉತ್ತರಾಭಾದ್ರ ಎರಡನೇ ಪಾದ, ಕೌಶಿಕ ಗೋತ್ರ ಕಣೇ ಪುಟ್ಟಿ. ನಿಮ್ಮಜ್ಜನಿಗೆ ಬಂದಿದ್ದ ಸಂಬಂಧ.”

ಕತೆ ಇಲ್ಲಿಗೆ ಕುಸಿಯುತ್ತದೆ, ವಾಸ್ತವ ಇಲ್ಲಿಂದ ಶುರುವಾಗುತ್ತದೆ. ವಧುವಿನ ಕಡೆಯವರು ಜಾತಕದ ಜೊತೆಗೆ ಫೋಟೋ ಕಳಿಸುತ್ತಿದ್ದರು, ಹಿಂದೆ ನಕ್ಷತ್ರ, ಗೋತ್ರ ಬರೆದಿರುತ್ತಿದ್ದರು. ಜಾತಕ ಕೂಡದಿದ್ದರೆ ಫೋಟೋ ವಾಪಸು ಕೊಡಬೇಕೆಂಬುದು ಮರ್ಯಾದೆ. ಮರ್ಯಾದೆಗೂ ಅಂಚೆಚೀಟಿ ಬೇಕಲ್ಲ, ಅದು ಟ್ರಂಕು ಸೇರುತ್ತಿತ್ತು. ಹೀಗಾಗಿ ಅಜ್ಜ ಮುಖವನ್ನೇ ನೋಡದ ಹೆಣ್ಣೂ ಅವನ ಟ್ರಂಕಿನಲ್ಲಿ ಅರವತ್ತು ವರ್ಷ ಸಂಸಾರ ಮಾಡಿರಬಹುದು.

ಮೊಮ್ಮಗಳು ಅಷ್ಟಕ್ಕೇ ಬಿಡುವವಳಲ್ಲ. “ಬಂದಿದ್ದು ಇದೊಂದೇ ಸಂಬಂಧಾನಾ? ಇದನ್ನ ಮಾತ್ರ ಯಾಕೆ ಇಟ್ಟುಕೊಂಡ್ರು?”

“ಒಂದೆಲ್ಲಿ ಬಂತು, ಒಂದು ಕಟ್ಟೇ ಇತ್ತು. ನಿಮ್ಮತ್ತೆ ಚಿಕ್ಕವಳಿದ್ದಾಗ ಮದುವೆ ಆಟ ಆಡ್ತೀನಿ ಅಂತ ತಗೊಂಡು ಎಲ್ಲಾ ಹರಿದು ಹಾಕಿದ್ಲು. ಇದು ದಪ್ಪ ರಟ್ಟಿಗೆ ಅಂಟಿಸಿದ್ದು, ಅವಳ ಕೈಲಿ ಹರೀಲಿಲ್ಲ.”