ಹದಿನಾಲ್ಕು ಕಿಲೋದ ಬೀಳ್ಕೊಡುಗೆ

ಚಿಕ್ಕ ಭಾಷಣವೆಂಬುದು ನಮ್ಮ ಸೀಮೆಯಲ್ಲಿ ಬಹು ದುರ್ಲಭವಾದ ಪದಾರ್ಥ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂಬ ಈ ಕಲ್ಲುನೆಲದ ಊರುಗಳಲ್ಲಿ ಯಾರನ್ನಾದರೂ ಬೀಳ್ಕೊಡಲು ನಾಲ್ಕು ಮಾತು ಆಡಿರೆಂದು ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದರೆ, ಆತನು ಆ ನಾಲ್ಕು ಮಾತುಗಳನ್ನು ತಲುಪುವುದಕ್ಕೆ ಮುಂಚೆ ಎಲ್ಲಿಂದ ಹೊರಡುವನೆಂಬುದು ಆತನ ಊರಿನ ಮೇಲೆ ನಿರ್ಧಾರವಾಗಿರುತ್ತದೆ. ಸೇಡಂ ಕಡೆಯವನಾದರೆ ಮಳಖೇಡದಿಂದ ಹೊರಡುತ್ತಾನೆ; ಕಾಗಿಣಾ ತೀರದ ಆ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತೆಂಬುದನ್ನೂ, ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತೆಂಬುದನ್ನೂ ನಿರೂಪಿಸಿ ಮುಗಿಸುವ ವೇಳೆಗೆ, ನಿವೃತ್ತನಾಗುತ್ತಿರುವ ತಲಾಠಿಯು ತನಗೂ ಒಂಬತ್ತನೆಯ ಶತಮಾನಕ್ಕೂ ಇರುವ ಸಂಬಂಧವನ್ನು ಚಿಂತಿಸುತ್ತ ಕುಳಿತಿರುತ್ತಾನೆ. ಚಿತ್ತಾಪುರದವನು ಸನ್ನತಿಯ ಕಾಳಿ ಗುಡಿಯಲ್ಲಿ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ದೊರೆತ ಅಶೋಕನ ಶಾಸನವನ್ನು ಬಿಡುವವನಲ್ಲ. ವಾಡಿಯವನಿಗೆ ಸೃಷ್ಟಿಯ ಆದಿಯೆಂದರೆ 1874, ಅಂದರೆ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಹಳಿ ತೆರೆದ ವರ್ಷ. ಚಿಂಚೋಳಿಯ ವಾಗ್ಮಿಯು ಚಂದ್ರಂಪಳ್ಳಿ ಜಲಾಶಯದ ಸುತ್ತಣ ಕಾಡನ್ನು ಹೊಕ್ಕನೆಂದರೆ, ಹೊರಬರುವ ದಾರಿಯನ್ನು ಸಭೆಯವರೇ ತೋರಿಸಬೇಕಾಗುತ್ತದೆ.

ನಮ್ಮ ಶಹಾಬಾದದವರು ಇವರೆಲ್ಲರಿಗಿಂತ ಹಿಂದಕ್ಕೆ ಹೋಗಬಲ್ಲವರು. ನಮ್ಮ ಕಾಲಡಿಯ ಫರ್ಸಿ ಕಲ್ಲು ಕೋಟ್ಯಂತರ ವರ್ಷಗಳ ಕೆಳಗೆ ಕಡಲ ತಳದಲ್ಲಿ ಪದರಪದರವಾಗಿ ಸಂಚಯಗೊಂಡ ಸುಣ್ಣಗಲ್ಲಾದುದರಿಂದ, ಅಲ್ಲಿಂದ ಕಥೆ ಎತ್ತಿಕೊಂಡವನಿಗೆ ಸ್ವಾಗತ ಮತ್ತು ವಂದನಾರ್ಪಣೆಗಳ ನಡುವೆ ಮನುಷ್ಯನ ಅವತಾರಕ್ಕೇ ಅವಕಾಶ ಸಿಗದೆ ಹೋಗುವ ಸಂಭವವುಂಟು. ಹೀಗಿರುವಲ್ಲಿ, ನಮ್ಮ ಓಣಿಯ ಮಾಸ್ತರರೂ ಅವರ ಮನೆಯವರೂ ಬೆಂಗಳೂರಿನ ಮಗನ ಮನೆಗೆ ಕಾಯಮ್ಮಾಗಿ ಹೊರಟುನಿಂತಾಗ, ಕಾಣಿಕೆಯನ್ನು ಒಪ್ಪಿಸುತ್ತ ಮೂರೇ ನಿಮಿಷ ಮಾತಾಡಬೇಕೆಂಬ ಶರತ್ತಿನೊಂದಿಗೆ ಆ ಕೆಲಸ ನನ್ನ ಪಾಲಿಗೆ ಬಂದಿತು. ಮಾಸ್ತರರ ಹೆಂಡತಿಯನ್ನು ಓಣಿಗೆ ಓಣಿಯೇ ಅವ್ವಾರು ಎಂದು ಕರೆಯುವುದು ವಾಡಿಕೆ. ಮಾಸ್ತರರಿಗಿಂತ ವಯಸ್ಸಿನಲ್ಲಿ ಹಿರಿಯರಾದವರು ಕೂಡ ಹಾಗೆಯೇ ಕರೆಯುತ್ತಿದ್ದುದನ್ನು ಕೇಳಿದ್ದೇನೆ; ಅವ್ವಾರ ಮಾತಿನ ಖಚಿತತೆಯ ಎದುರಿಗೆ ವಯಸ್ಸು ತಾನಾಗಿಯೇ ತಗ್ಗುತ್ತಿತ್ತೆಂದು ತೋರುತ್ತದೆ.

ಮಾತಿಗೆ ಮೊದಲು ಕಾಣಿಕೆಯ ಪ್ರಶ್ನೆ. ಗೋಡೆ ಗಡಿಯಾರವೆಂದು ಒಬ್ಬರು ಸೂಚಿಸಿದರು; ಮಾಸ್ತರರು ಶಾಲೆಯಿಂದ ನಿವೃತ್ತರಾದಾಗಲೇ ಅಷ್ಟೊಂದು ಗಡಿಯಾರಗಳು ಬಂದು, ಒಂದರ ವೇಳೆ ಇನ್ನೊಂದಕ್ಕೆ ಹೊಂದದೆ, ಅವರು ಕೊನೆಗೆ ಮಸೀದಿಯ ಬಾಂಗನ್ನು ನಂಬಿ ಏಳತೊಡಗಿದ್ದರೆಂಬುದು ಎಲ್ಲರಿಗೂ ಗೊತ್ತಿತ್ತು. ಗಂಡಸರಿಗೆ ಟವೆಲ್ಲು ಟೊಪ್ಪಿಗೆ, ಹೆಂಗಸರಿಗೆ ಖಣ ಉಡಿ, ಇವು ಹೇಗೂ ಸಂಪ್ರದಾಯದಂತೆ ಆಗತಕ್ಕವು. ಓಣಿಯ ಲೆಕ್ಕದಲ್ಲಿ ಇನ್ನೊಂದು ವಸ್ತು ಬೇಕಾಗಿತ್ತು. ಆಗ ಅವ್ವಾರ ಪಕ್ಕದ ಮನೆಯ ಸೊಸೆ, ಅದುವರೆಗೆ ಬಾಗಿಲ ಮರೆಯಲ್ಲಿ ನಿಂತಿದ್ದವಳು, “ಅವ್ವಾರಿಗಿ ರೊಟ್ಟಿ ಬಡ್ಯಾಕ ಒಂದು ಫರ್ಸಿ ಕೊಟ್ಟು ಕಳಸ್ರಿ, ಬೆಂಗಳೂರಾಗ ಎಲ್ಲೆದ ಕಲ್ಲು?” ಎಂದಳು. ಸಭೆ ನಕ್ಕಿತು, ನಕ್ಕಮೇಲೆ ಸುಮ್ಮನಾಯಿತು, ಸುಮ್ಮನಾದಮೇಲೆ ಅದನ್ನೇ ನಿರ್ಣಯಿಸಿತು.

ಜೋಳದ ರೊಟ್ಟಿಯ ಮರ್ಮವನ್ನು ಅರಿತವರಿಗೆ ಈ ನಿರ್ಣಯ ಹಾಸ್ಯಾಸ್ಪದವೆಂದು ತೋರಲಾರದು. ಗೋದಿಯ ಹಿಟ್ಟಿಗಿರುವ ಜಿಗುಟು ಜೋಳಕ್ಕಿಲ್ಲ. ಆದುದರಿಂದಲೇ ಹಿಟ್ಟಿಗೆ ಕುದಿಯುವ ನೀರನ್ನು ಹೊಯ್ದು, ಆ ಬಿಸಿಯಿಂದ ಒಂದಿಷ್ಟು ಅಂಟು ಹುಟ್ಟಿಸಿ, ಚೆನ್ನಾಗಿ ನಾದಿ, ಒಣಹಿಟ್ಟು ಉದುರಿಸಿಕೊಂಡು ಅಂಗೈಯಿಂದ ಬಡಿಬಡಿದು ತಿರುಗಿಸುತ್ತ ಅಗಲಮಾಡಬೇಕು. ಈ ಬಡಿತಕ್ಕೆ ಅಡಿಯಲ್ಲಿ ಅಲುಗದ ಭಾರವೊಂದು ಬೇಕು. ಹಗುರಾದ ಮಣೆಯಾದರೆ ಪ್ರತಿ ಏಟಿಗೂ ಅರ್ಧ ಇಂಚು ಸರಿದು, ರೊಟ್ಟಿಯು ಒಂದು ಕಡೆ ದಪ್ಪವಾಗಿಯೂ ಇನ್ನೊಂದು ಕಡೆ ಹರಿದೂ ಬರುತ್ತದೆ. ನಮ್ಮಲ್ಲಿ ಅಡಿಗೆಮನೆಯ ನೆಲವೇ ಫರ್ಸಿಯಾದುದರಿಂದ ಈ ಸಮಸ್ಯೆ ಎಂದೂ ಎದ್ದುದಿಲ್ಲ. ಮಗನ ಮನೆಯ ನುಣುಪಾದ ಟೈಲ್ಸಿನ ಮೇಲೆ ಒಮ್ಮೆ ಪ್ರಯೋಗಮಾಡಿ ಬಂದಿದ್ದ ಅವ್ವಾರು, “ಅಲ್ಲಿ ರೊಟ್ಟಿ ಬಡದ್ರ ಕೆಳಗಿನ ಮನಿಯವ್ರು ಬಂದು ಬಾಗಿಲಾ ಬಡೀತಾರ” ಎಂದು ಸಂಕ್ಷೇಪವಾಗಿ ವರದಿ ಒಪ್ಪಿಸಿದ್ದರು.

ಒಂದೂವರೆ ಅಡಿ ಚೌಕ, ಒಂದು ಇಂಚು ದಪ್ಪ, ಒಂದು ಮುಖ ಪಾಲಿಶ್, ಹೀಗೆಂದು ಕಲ್ಲು ಗೊತ್ತಾಯಿತು. ಅದರ ತೂಕ ಹದಿನಾಲ್ಕು ಕಿಲೋದ ಹತ್ತಿರ. ಸ್ಲೀಪರ್ ಡಬ್ಬಿಯಲ್ಲಿ ಒಬ್ಬ ಪ್ರಯಾಣಿಕನಿಗೆ ಉಚಿತವಾಗಿ ಒಯ್ಯಲು ಬಿಡುವುದು 40 ಕಿಲೋ ಮಾತ್ರವಾದುದರಿಂದ, ನಮ್ಮ ಅಂತಃಕರಣವು ಅವರಿಬ್ಬರಲ್ಲಿ ಒಬ್ಬರ ಸಾಮಾನಿನ ಮೂರರಲ್ಲಿ ಒಂದು ಪಾಲನ್ನು ನುಂಗುತ್ತಿತ್ತು.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಮೊದಲ ಕರಡಿನಲ್ಲಿ ನಾನು ಸಹಜವಾಗಿಯೇ ಪರೋಪಕಾರಿ, ಸರಳಜೀವಿ, ಸ್ನೇಹಮಯಿ, ಅಜಾತಶತ್ರು ಮುಂತಾದ ವಿಶೇಷಣಗಳನ್ನು ಸಾಲುಗಟ್ಟಿ ನಿಲ್ಲಿಸಿದ್ದೆ. ರಾತ್ರಿ ಅದನ್ನು ಗಟ್ಟಿಯಾಗಿ ಓದಿದಾಗ, ಒಳಗಿನಿಂದ ನನ್ನ ತಾಯಿ, “ಯಾರು ತೀರಕೊಂಡ್ರೋ?” ಎಂದು ಗಾಬರಿಯಿಂದ ಕೇಳಿದರು. ಬೀಳ್ಕೊಡುಗೆಯ ಮಾತಿಗೆ ಇರುವ ಮಹಾಗಂಡಾಂತರ ಇದೇ. ಹೋಗುವವರು ಎದುರಿಗೇ ಕುಳಿತಿರುತ್ತಾರೆ, ನಾಳೆ ಬೆಂಗಳೂರಿಗೆ ಮುಟ್ಟಿ ಫೋನು ಮಾಡುವವರೂ ಇದ್ದಾರೆ. ಆದರೂ ವಿಶೇಷಣಗಳು ಹೆಚ್ಚಿದಂತೆಲ್ಲ ಅವರ ಕೊರಳಿನ ಹಾರವು ನಿಧಾನವಾಗಿ ಅವರ ಭಾವಚಿತ್ರದ ಮೇಲಕ್ಕೆ ಸರಿಯುತ್ತದೆ. ಇದನ್ನು ಕಂಡುಹಿಡಿಯಲು ನಾನು ಬಳಸಿದ ಪರೀಕ್ಷೆ ಸುಲಭವಾದದ್ದು: ಯಾವ ವಾಕ್ಯವನ್ನು ನಮ್ಮ ತಾಲ್ಲೂಕಿನ ಯಾವುದೇ ಸತ್ಪುರುಷನಿಗೆ ಹೊಂದಿಸಬಹುದೋ ಅದನ್ನು ಹೊಡೆದುಹಾಕಿದೆ. ಹೀಗೆ ಹೊಡೆಯುತ್ತ ಹೋಗಲು ಕೊನೆಗೆ ಉಳಿದದ್ದು “ಅವ್ವಾರ” ಎಂಬ ಸಂಬೋಧನೆ ಮತ್ತು ಒಂದು ಕಲೆ.

ಆ ಕಲೆಯ ವೃತ್ತಾಂತ ಹೀಗಿದೆ. ಬಹಳ ವರ್ಷಗಳ ಹಿಂದೆ, ಬಿರುಬೇಸಿಗೆಯಲ್ಲಿ ಓಣಿಯ ಹುಡುಗರೆಲ್ಲ ಮಧ್ಯಾಹ್ನ ಮಾಸ್ತರರ ಪಡಸಾಲೆಯ ತಂಪು ಫರ್ಸಿಯ ಮೇಲೆ ಅಂಗಿ ಕಳಚಿ ಹೊಟ್ಟೆಯೂರಿ ಮಲಗುತ್ತಿದ್ದರು. ಅವರಲ್ಲೊಬ್ಬನು ಹುಣಸೆಹಣ್ಣಿನ ಹುಳಿಯ ಬಟ್ಟಲನ್ನು ಕೈಜಾರಿ ಚೆಲ್ಲಿ, ಭಯದಿಂದ ಅದರ ಮೇಲೆ ಚಾಪೆ ಎಳೆದು ಓಡಿಹೋದ. ಸುಣ್ಣಗಲ್ಲಿಗೂ ಹುಳಿಗೂ ಹುಟ್ಟುವೈರ. ಸಂಜೆಯ ಹೊತ್ತಿಗೆ ಕನ್ನಡಿಯಂತಿದ್ದ ನೆಲದ ನಡುವೆ ಪಾಲಿಶ್ ತಿಂದುಹೋಗಿ, ತೊಳೆದರೂ ತಿಕ್ಕಿದರೂ ಹೋಗದ ಬಿಳಿಚಿದ ಮಚ್ಚೆಯೊಂದು ಮೂಡಿತ್ತು. ಅಂಥ ಮಚ್ಚೆ ಹೋಗಬೇಕಾದರೆ ಮೇಲ್ಪದರವನ್ನೇ ತಿರುಗಿ ಉಜ್ಜಿಸಬೇಕು. ಅವ್ವಾರು ಉಜ್ಜಿಸಲಿಲ್ಲ, ಹುಡುಗನ ತಾಯಿಗೆ ಹೇಳಲೂ ಇಲ್ಲ. ಆತನು ಹಾಸಿಹೋದ ಚಾಪೆಯನ್ನು ಅಲ್ಲಿಯೇ ಬಿಟ್ಟು, ಮರುದಿನದಿಂದ ಅದನ್ನು ಬಂದವರು ಕೂಡುವ ಜಾಗವೆಂದು ಘೋಷಿಸಿದರು. ಆ ಹುಡುಗನು ಈಗ ಸಿಮೆಂಟು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿದ್ದು, ಸುಣ್ಣಗಲ್ಲಿನ ಪುಡಿಯ ಮೇಲೆ ಆಮ್ಲ ಹೊಯ್ಯುವುದಕ್ಕೆ ಸಂಬಳ ಪಡೆಯುತ್ತಾನೆ.

ಕ್ರಮದ ವಿಷಯದಲ್ಲಿಯೂ ಒಂದು ತರ್ಕ ನಡೆಯಿತು. ಕಾಣಿಕೆ ಕೊಟ್ಟು ಮಾತಾಡಬೇಕೋ, ಮಾತಾಡಿ ಕೊಡಬೇಕೋ? ಉಡಿ ತುಂಬಿದ ಮೇಲೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಅಡಿಕೆ ಎಲ್ಲ ಸೇರಿ ಎರಡು ಕೈಗಳೂ ಬಂಧನಕ್ಕೊಳಗಾಗುವುದರಿಂದ, ಅದಾದ ಬಳಿಕ ಆಡಿದ ಭಾಷಣವನ್ನು ಹೆಂಗಸು ಕೇಳುವುದಿಲ್ಲ, ಸಹಿಸುತ್ತಾಳೆ. ಕಲ್ಲನ್ನಂತೂ ಎಪ್ಪತ್ತು ದಾಟಿದವರ ಕೈಗೆ ಕೊಡುವ ಪ್ರಶ್ನೆಯೇ ಇರಲಿಲ್ಲ. ಆದಕಾರಣ ಮೊದಲು ಮಾತು, ಆಮೇಲೆ ಮೇಜಿನ ಮೇಲಿದ್ದ ಕಲ್ಲಿನ ಮೇಲಣ ವಸ್ತ್ರವನ್ನು ಸರಿಸುವುದು, ಕೈಗೆ ಕೇವಲ ಕಾಯಿ ಎಲೆಅಡಿಕೆ, ಕಡೆಗೆ ಹೆಂಗಸರಿಂದ ಉಡಿ, ಹೀಗೆ ಗೊತ್ತಾಯಿತು.

ಸಭೆಯಲ್ಲಿ ನಾನು ಆಡಿದ್ದು ಇಷ್ಟೇ:

“ಮಾಸ್ತರ್ರ, ಅವ್ವಾರ, ನಿಮ್ಮನ್ನ ಹೊಗಳಾಕ ನಾ ನಿಂತಿಲ್ರಿ, ಹೊಗಳಿದ್ರ ಅವ್ವಾರು ನಡುವ ಎದ್ದು ಚಾ ಮಾಡಾಕ ಹೋಗ್ತಾರ. ನಿಮ್ಮ ಪಡಸಾಲ್ಯಾಗ ಚಾಪಿ ಕೆಳಗ ಒಂದು ಕಲಿ ಅದ. ಅದು ಯಾರು ಮಾಡಿದ್ದಂತ ಓಣಿಗೆಲ್ಲ ಗೊತ್ತದ, ಮಾಡಿದಂವಗೂ ಗೊತ್ತದ, ಅವ್ವಾರಿಗಿ ಮಾತ್ರ ಇವತ್ತಿನ ತನಕ ಗೊತ್ತಿಲ್ಲಂತ. ನಾವು ಆ ಚಾಪಿ ಮ್ಯಾಲ ಕುಂತು ನಿಮ್ಮ ಮನಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ತಿಂದೀವಿ. ನಸುಕಿನ್ಯಾಗ ನಿಮ್ಮ ರೊಟ್ಟಿ ಸಪ್ಪಳ ಕೇಳಿ ಎದ್ದೀವಿ. ನಾಳಿಂದ ಆ ಸಪ್ಪಳ ಬೆಂಗಳೂರಿಗಿ ಹೋಗ್ತದ. ಅಲ್ಲಿ ಅದಕ್ಕೊಂದು ಜಾಗಾ ಇರ್ಲಿ ಅಂತ ನಮ್ಮ ಓಣಿ ನೆಲದಾಗಿಂದ ಒಂದು ತುಂಡು ಕೊಡ್ತೀವಿ. ಭಾರ ಅದ, ತಪ್ಪು ತಿಳೀಬ್ಯಾಡ್ರಿ. ಕೆಳಗಿನ ಮನಿಯವ್ರು ಬಾಗಿಲಾ ಬಡದ್ರ ಒಂದು ರೊಟ್ಟಿ ಕೈಯಾಗಿಟ್ಟು ಕಳಸ್ರಿ. ಮರುದಿನ ಸುಮ್ಮ ಬಂದು ಕೂಡ್ತಾರ. ಹುಳಿ ಮಾತ್ರ ಅದರ ಮ್ಯಾಲ ಚೆಲ್ಲಬ್ಯಾಡ್ರಿ.”

ಪ್ರಯೋಗಶಾಲೆಯವನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಕ್ಕ. ಮಾಸ್ತರರು ಕನ್ನಡಕ ತೆಗೆದು ಒರಸಿಕೊಂಡರು. ಮೂರು ನಿಮಿಷ ಇನ್ನೂ ತುಂಬಿರಲಿಲ್ಲ. ನಾನು ವಸ್ತ್ರವನ್ನು ಸರಿಸಿ, ಈಗ ಕಣ್ಣೀರು ಬರಬಹುದೆಂದು ಮನಸ್ಸಿನಲ್ಲಿಯೇ ಸಿದ್ಧನಾಗಿ ನಿಂತೆ.

ಅವ್ವಾರು ಕಲ್ಲಿನ ಬಳಿಗೆ ಬಂದರು. ಮೇಲ್ಮೈಯನ್ನು ಅಂಗೈಯಿಂದ ಒಮ್ಮೆ ಸವರಿದರು. ಆಮೇಲೆ ಬೆರಳಗಂಟಿನಿಂದ ನಡುವೆ ಬಡಿದರು. ಟಣ್ಣೆಂದಿತು. ಒಂದೊಂದಾಗಿ ಮೂಲೆಗಳನ್ನು ಬಡಿಯುತ್ತ ಹೋದರು. ಟಣ್, ಟಣ್, ಟಣ್, ನಾಲ್ಕನೆಯದು ದಬ್. ಪದರಗಲ್ಲಿನ ಗುಣವೇ ಹಾಗೆ. ಗಣಿಯಲ್ಲಿ ಉಳಿಗೆ ಸುಲಭವಾಗಿ ಬಿಚ್ಚಿಕೊಳ್ಳುವ ಅದೇ ಪದರ, ಪಾಲಿಶಿನ ಅಡಿಯಲ್ಲಿ ಕಣ್ಣಿಗೆ ಕಾಣದಂತೆ ಬಿಟ್ಟುಕೊಂಡಿದ್ದರೆ ಸಪ್ಪಳ ಮಂಕಾಗುತ್ತದೆ. ಅಂಥ ಕಲ್ಲು ದಿನಾ ಏಟು ತಿಂದು ಒಂದು ದಿನ ಚಕ್ಕೆ ಏಳುವುದು ನಿಶ್ಚಿತ.

“ಈ ಮೂಲಿ ಪೊಳ್ಳದ” ಎಂದರು ಅವ್ವಾರು.

ಸಭಾಮರ್ಯಾದೆಯೆಲ್ಲ ಅಲ್ಲಿಗೆ ಮುಗಿಯಿತು. ಮೂರನೆಯ ಸಾಲಿನಲ್ಲಿದ್ದ ಗೌಂಡಿಯು ಎದ್ದುಬಂದು ತಾನೂ ಬಡಿದು ನೋಡಿ ಹೌದೆಂದ. ಕಲ್ಲು ಆರಿಸಿದ ಹಿರಿಯರು ಅದು ಮೇಜಿನ ಸಪ್ಪಳವೆಂದು ವಾದಿಸಿದರು. ಕಲ್ಲನ್ನು ನೆಲಕ್ಕಿಳಿಸಿ ಬಡಿಯಲಾಯಿತು. ಕೆಳಗೆ ಗೋಣಿಚೀಲ ಹಾಸಿ ಬಡಿಯಲಾಯಿತು. ಉಡಿ ತುಂಬಲು ಅಕ್ಕಿ ಹಿಡಿದು ನಿಂತಿದ್ದ ಹೆಂಗಸರೂ ತಾಟು ಕೆಳಗಿಟ್ಟು ಒಂದೊಂದು ಸಲ ಬಡಿದರು. ಕೊನೆಗೆ ಇಬ್ಬರು ಹುಡುಗರು ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ಪಾಲಿಶ್ ಅಂಗಡಿ ಮುಚ್ಚುವುದರೊಳಗಾಗಿ ಬದಲಿಸಿ ತರಲು ಹೊರಟರು. ವಾಡಿಯಿಂದ ಉದ್ಯಾನ ಎಕ್ಸ್‌ಪ್ರೆಸ್ಸು ಇದ್ದದ್ದು ಮರುದಿನ ಸಂಜೆಗೆ, ವೇಳೆಯೇನೋ ಸಾಕಷ್ಟಿತ್ತು. ಅವ್ವಾರು ಸೆರಗು ಸೊಂಟಕ್ಕೆ ಸಿಕ್ಕಿಸಿ, “ನಾಕೂ ಮೂಲಿ ಬಡದು ನೋಡಿ ತರ್ರೋ, ಅಂವ ಹೇಳಿದ್ದು ಕೇಳಿ ಬರಬ್ಯಾಡ್ರಿ” ಎಂದು ಅವರನ್ನು ಓಣಿಯ ತಿರುವಿನ ವರೆಗೂ ಕೂಗಿ ಕಳಿಸಿದರು.

ನಾನು ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಹೊಸ ಕಲ್ಲು ಬಂದ ಮೇಲೆ ಭಾಷಣವನ್ನು ಇನ್ನೊಮ್ಮೆ ಮಾಡಬೇಕಾದೀತೇ ಎಂದು ಮಾಸ್ತರರನ್ನು ಕೇಳಿದೆ.

“ಕಲ್ಲು ಬದಲಾದ್ರ ಸಾಕ್ರಿ” ಎಂದರು ಮಾಸ್ತರರು, “ಭಾಷಣ ಅದೇ ನಡೀತದ.”