ಮಿಕ್ಸಿಗಿಂತ ಮೆತ್ತಗಿನ ಗಾಡಿ

ನಮ್ಮ ಮನೆಯ ಮಿಕ್ಸಿ 750 ವ್ಯಾಟಿನದು. ಬೆಳಿಗ್ಗೆ ಚಟ್ನಿಗೆ ಹಾಕಿದರೆ ಮೇಲಿನ ಮನೆಯವರಿಗೂ ಎಚ್ಚರವಾಗುತ್ತದೆ. ನನ್ನ ಭಾವಮೈದುನ ಯುಗಾದಿಗೆ ಕೊಂಡ ಬ್ಯಾಟರಿ ಸ್ಕೂಟರಿನ ಮೋಟಾರು, ಕಾಗದದ ಪ್ರಕಾರ, 250 ವ್ಯಾಟಿಗೂ ಕಡಿಮೆ. ಅಂದರೆ ನಮ್ಮ ಮಿಕ್ಸಿಯ ಮೂರರಲ್ಲೊಂದು ಪಾಲು. ಚಟ್ನಿ ರುಬ್ಬಲು ಯಾರೂ ಲೈಸೆನ್ಸ್ ಕೇಳುವುದಿಲ್ಲವಲ್ಲ, ಇದಕ್ಕೂ ಕೇಳುವುದಿಲ್ಲ.

‘ಭಾವ, ಇದು ಸ್ಕೂಟರೇ ಅಲ್ಲ, ಸೈಕಲ್ಲು. ನಂಬರ್ ಪ್ಲೇಟ್ ಬೇಡ, ಆರ್‌ಟಿಓ ಬೇಡ, ಇನ್ಶೂರೆನ್ಸ್ ಬೇಡ’ ಎಂದು ಅವನು ಅಂಗಳದಲ್ಲಿ ನಿಂತು ಸಾರಿದ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೀಗೊಂದು ರಿಯಾಯಿತಿ ಕೊಟ್ಟಿವೆ. ಮೋಟಾರಿನ ಮೂವತ್ತು ನಿಮಿಷದ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಬಾರದು, ಇದನ್ನು ಸರ್ಕಾರ ಗುರುತಿಸಿದ ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿರಬೇಕು. ಆಗ ಆ ಎರಡು ಚಕ್ರದ ಗಾಡಿ ‘ಮೋಟಾರು ವಾಹನ’ವೇ ಅಲ್ಲ. ಪೆಡಲ್ ತುಳಿಯುವ ಬ್ಯಾಟರಿ ಸೈಕಲ್ಲಿಗೂ ಇಂಥದೇ ವಿನಾಯಿತಿ. ತುಳಿಯುವುದು ನಿಂತರೆ ಅದರ ಮೋಟಾರೂ ನಿಲ್ಲಬೇಕು, ಅಷ್ಟೆ. ವಿಮೆ ಕಡ್ಡಾಯ ಎನ್ನುವ ಕಾನೂನು ಮೋಟಾರು ವಾಹನಕ್ಕೆ ಮಾತ್ರ. ವಾಹನವೇ ಅಲ್ಲ ಎಂದ ಮೇಲೆ ವಿಮೆ ಎಲ್ಲಿಂದ?

ಅಂಗಡಿಯವನು ಇಷ್ಟಕ್ಕೇ ಬಿಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ಬಿಲ್ಲು ಕೊಟ್ಟು, ಹಾರ ಹಾಕಿ, ನಿಂಬೆಹಣ್ಣು ಹೊಸಕಿದ ಮೇಲೆ ಸೀಟು ಎತ್ತಿದನಂತೆ. ಅಲ್ಲೊಂದು ಸಣ್ಣ ವೈರು, ಅದರ ತುದಿಗೊಂದು ಬಿಳಿ ಕನೆಕ್ಟರು. ‘ಇದು ಸಿಕ್ಕಿಸಿದ್ದರೆ ಇಪ್ಪತ್ತೈದು ಸರ್. ಕಿತ್ತರೆ ನಿಮ್ಮಿಷ್ಟ’ ಎಂದನಂತೆ. ಇಪ್ಪತ್ತೈದರಲ್ಲಿ ಹೋದರೆ ಹಾಲಿನವನ ಸೈಕಲ್ಲೂ ಹಿಂದೆ ಹಾಕುತ್ತದೆ. ನಮ್ಮ ಹುಡುಗ ಕಿತ್ತ.

ಹೀಗೆ ಒಂದು ಬೆರಳಿನ ಕೆಲಸದಲ್ಲಿ ಸೈಕಲ್ಲು ಸ್ಕೂಟರಾಯಿತು. ಕಾಗದ ಮಾತ್ರ ಸೈಕಲ್ಲಿನದೇ ಉಳಿಯಿತು.

ಅಕ್ಕನ ಕಾಟ ತಡೆಯಲಾರದೆ ಅವನು ಒಂದು ಖಾಸಗಿ ಪಾಲಿಸಿಯನ್ನೂ ಮಾಡಿಸಿದ. ಇಂಥ ಗಾಡಿಗಳಿಗೆ, ಸೈಕಲ್ಲುಗಳಿಗೆ ಈಗ ಪಾಲಿಸಿ ಸಿಗುತ್ತವೆ, ಸಿಕ್ಕಿದ್ದು ಒಳ್ಳೆಯದೇ. ಅವನದರಲ್ಲಿ ಮೊದಲ ಪುಟ ತುಂಬ ಉದಾರಿ. ಕಳ್ಳತನ, ಬೆಂಕಿ, ಅಪಘಾತದಲ್ಲಿ ಗಾಡಿಗೆ ಪೆಟ್ಟು, ಸವಾರ ಸತ್ತರೆ ಅಥವಾ ಅಂಗ ಕಳೆದುಕೊಂಡರೆ ಇಷ್ಟು ಲಕ್ಷ. ಇನ್ನೊಬ್ಬರಿಗೆ ಆದ ಹಾನಿಗೆ 50 ಸಾವಿರದ ಮಿತಿ. ನಾಲ್ಕನೇ ಪುಟಕ್ಕೆ ಬಂದರೆ ಅಕ್ಷರವೂ ಸಣ್ಣದು, ಮನಸ್ಸೂ ಸಣ್ಣದು. ಬೀಗ ಹಾಕಿರದಿದ್ದರೆ ಕಳ್ಳತನಕ್ಕೆ ಹಣವಿಲ್ಲ. ಬ್ಯಾಟರಿ ವಯಸ್ಸಾಗಿ ಸೊರಗಿದರೆ ಹಣವಿಲ್ಲ. ಬಾಡಿಗೆಗೆ, ಊಟ ತಲುಪಿಸುವ ಕೆಲಸಕ್ಕೆ ಓಡಿಸಿದರೆ ಹಣವಿಲ್ಲ. ತಯಾರಕರು ಕೊಟ್ಟ ಸ್ಥಿತಿಯಿಂದ ಬದಲಾಯಿಸಿದ ಗಾಡಿಗೆ ಏನೂ ಇಲ್ಲ. ಇದೊಂದು ಸಾಲನ್ನು ಅವನು ಓದಲಿಲ್ಲ. ಪಾಲಿಸಿಯನ್ನು ದೇವರ ಕೋಣೆಯಲ್ಲಿ ಇಟ್ಟ.

ಆಷಾಢದ ಒಂದು ಸಂಜೆ, ಮಳೆ ನಿಂತ ಹೊತ್ತು. ಹುರುಳಿಕಾಯಿ ತರಲು ಹೋದವನಿಗೆ ಅಡ್ಡರಸ್ತೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಅಡ್ಡ ಬಂದರು. ಸದ್ದಿಲ್ಲದ ಗಾಡಿ ನೋಡಿ, ಅವರಿಗೆ ಕೇಳಿಸಲೇ ಇಲ್ಲ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಬಿಲ್ಲು 2 ಲಕ್ಷ 40 ಸಾವಿರ. ಇವನಿಗೆ ಮೊಣಕಾಲು ತರಚಿತು, ಗಾಡಿಗೆ 9 ಸಾವಿರದ ರಿಪೇರಿ.

ಸರ್ವೇಯರ್ ಬಂದವನು ಬಹಳ ಸೌಜನ್ಯದ ಮನುಷ್ಯ. ಬಿಲ್ಲು ನೋಡಿದ, ಪರೀಕ್ಷಾ ಪತ್ರದ ಪ್ರತಿ ನೋಡಿದ, ಕಾಫಿ ಕುಡಿದ. ‘ಒಂದು ರೌಂಡು ಹೋಗಿ ಬರಲಾ?’ ಎಂದು ಕೇಳಿದ. ಮುರಿದ ಕನ್ನಡಿ, ಜಜ್ಜಿದ ಮಡ್‌ಗಾರ್ಡಿನ ಗಾಡಿ ಓಡಿಸಿಕೊಂಡು ಹೋದ. ಮೊಬೈಲಿನ ಜಿಪಿಎಸ್ 43 ತೋರಿಸಿತು. ಬಂದು ಸೀಟು ಎತ್ತಿದ, ಬಿಳಿ ಕನೆಕ್ಟರಿನ ಫೋಟೊ ತೆಗೆದ. ಎರಡು ವಾರಕ್ಕೆ ಪತ್ರ ಬಂತು. ಪಾಲಿಸಿ ಕೊಟ್ಟಿದ್ದು 25 ದಾಟದ ಗಾಡಿಗೆ, ಇದು ಬೇರೆ ಗಾಡಿ, ಕ್ಷಮಿಸಿ. ಮೇಷ್ಟ್ರಿಗೆ ಸಿಗಬೇಕಿದ್ದ 50 ಸಾವಿರವೂ ಹೋಯಿತು, ಇವನ 9 ಸಾವಿರವೂ.

ಮೇಷ್ಟ್ರ ಮಗ ವಕೀಲರನ್ನು ಕಂಡ. ನಿಜಕ್ಕೂ 25ರ ಗಾಡಿಯಾಗಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಬಾಗಿಲು ಅವರಿಗೆ ತೆರೆಯುವುದೇ ಕಷ್ಟ. ವಾಹನವೇ ಅಲ್ಲವಲ್ಲ, ಸಿವಿಲ್ ಕೋರ್ಟಿಗೆ ಹೋಗಬೇಕು. ವಕೀಲರು ಸರ್ವೇಯರ್ ತೆಗೆದ ಅದೇ ಫೋಟೊ ಇಟ್ಟುಕೊಂಡು, 43 ಓಡಿದ್ದರಿಂದ ಇದು ಮೋಟಾರು ವಾಹನವೇ, ನೋಂದಣಿಯಿಲ್ಲ, ವಿಮೆಯಿಲ್ಲ, ಮಾಲೀಕನೇ ಕೊಡಲಿ ಎಂದು ವಾದ ಹೂಡಿದ್ದಾರೆ. ವಿಮೆಯಿಲ್ಲದ ವಾಹನ ಓಡಿಸಿದ್ದಕ್ಕೆ ಮೊದಲ ಸಲದ ದಂಡ 2 ಸಾವಿರ, ಅದೇನು ಬಿಡಿ, ಹುರುಳಿಕಾಯಿ ಲೆಕ್ಕ. ಅಜಾಗರೂಕ ಸವಾರಿಯ ಕ್ರಿಮಿನಲ್ ಕೇಸು ಅದರ ಪಾಡಿಗೆ ಬೇರೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ‘ಯಾವುದೇ ವಾಹನ’ ಎನ್ನುತ್ತದೆ, ಸೈಕಲ್ಲನ್ನೂ ಬಿಡುವುದಿಲ್ಲ.

ಒಂದೇ ವೈರು ನೋಡಿ. ಅಂಗಡಿಯಲ್ಲಿ ಸೈಕಲ್ಲು, ವಿಮಾ ಕಂಪನಿಯಲ್ಲಿ ಅನರ್ಹ ಗಾಡಿ, ನ್ಯಾಯಮಂಡಳಿಯಲ್ಲಿ ಮೋಟಾರು ವಾಹನ. ದಶಾವತಾರದವರೂ ಇಷ್ಟು ಬೇಗ ವೇಷ ಬದಲಿಸಲಾರರು. ಅಂಗಡಿಯವನನ್ನು ಕೇಳಿದರೆ, ‘ನಾವು ಕೊಟ್ಟಾಗ ಇಪ್ಪತ್ತೈದೇ ಇತ್ತು ಸರ್, ಬಿಲ್ಲಿನಲ್ಲೂ ಹಾಗೇ ಇದೆ’ ಎಂದ. ಅವನ ಮಾತು ಸತ್ಯ. ಅವನು ಕೊಟ್ಟ ಆ ಅರ್ಧ ನಿಮಿಷ ಹಾಗೇ ಇತ್ತು.

ಇದೇ ಗಾಡಿಯನ್ನು ಲಾರಿಯೊಂದು ಗುದ್ದಿದ್ದರೆ ಕಥೆ ಬೇರೆ. ಆಗ ಲಾರಿಯ ಥರ್ಡ್ ಪಾರ್ಟಿ ವಿಮೆ ಇವನಿಗೆ ಪರಿಹಾರ ಕೊಡಬೇಕಾಗುತ್ತದೆ. ಇನ್ನೊಬ್ಬರ ವಿಮೆಯಿಂದ ತೆಗೆದುಕೊಳ್ಳಲು ಹಕ್ಕಿದೆ, ಇನ್ನೊಬ್ಬರಿಗೆ ಕೊಡಲು ತನ್ನಲ್ಲಿ ಏನೂ ಇಲ್ಲ.

ಉಳಿಸಿದ್ದೆಷ್ಟು ಎಂದು ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. 3 ಕಿಲೋವ್ಯಾಟ್ ಮೀರದ, ನೋಂದಣಿಯಾಗುವ ಹೊಸ ಎಲೆಕ್ಟ್ರಿಕ್ ಸ್ಕೂಟರಿಗೆ 2022ರ ಅಧಿಸೂಚನೆಯ ಪ್ರಕಾರ ಐದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2,466 ರೂಪಾಯಿ, ತೆರಿಗೆ ಬೇರೆ. ತಿಂಗಳಿಗೆ 41 ರೂಪಾಯಿ ಆಯಿತು. ನಮ್ಮ ಬೀದಿಯ ಹೋಟೆಲಿನಲ್ಲಿ ಅದಕ್ಕೆ ಒಂದು ಮಸಾಲೆ ದೋಸೆಯೂ ಬರುವುದಿಲ್ಲ. ಅದರಲ್ಲಿ ಇನ್ನೊಬ್ಬರ ಸಾವಿಗಾಗಲೀ ಗಾಯಕ್ಕಾಗಲೀ 50 ಸಾವಿರದಂಥ ಮಿತಿಯೂ ಇಲ್ಲ. ಭಾವಮೈದುನನಿಗೆ ಹೇಳಿದೆ. ‘ಮೊದಲೇ ಹೇಳಬೇಕಿತ್ತು ಭಾವ’ ಎಂದ. ಮೊದಲೇ ಹೇಳಿದ್ದರೆ ಕೇಳುತ್ತಿರಲಿಲ್ಲ, ಅದು ಬೇರೆ.

ಇಪ್ಪತ್ತೈದರಲ್ಲೇ ಓಡಿಸುವ ಸಭ್ಯರಿಗೆ, ಹೈಸ್ಕೂಲಿಗೆ ಬ್ಯಾಟರಿ ಸೈಕಲ್ ತುಳಿಯುವ ಮಕ್ಕಳಿಗೆ, ಖಾಸಗಿ ಪಾಲಿಸಿಯಲ್ಲಿ ನಿಜವಾಗಿ ಬೇಕಾದದ್ದು ಎರಡೇ: ಸವಾರನಿಗೆ ಅಪಘಾತ ರಕ್ಷಣೆ, ಮತ್ತು ಇನ್ನೊಬ್ಬರಿಗೆ ಆದ ಹಾನಿಯ ಮಿತಿ ಎಷ್ಟು ಎನ್ನುವ ಅಂಕಿ. ಕಳ್ಳತನದ ಹಣಕ್ಕೆ ಬಿಲ್ಲು, ಚಾಸಿ ನಂಬರು, ಪೊಲೀಸ್ ದೂರು ಬೇಕು, ಅದನ್ನು ಎತ್ತಿಟ್ಟುಕೊಳ್ಳಿ.

ಕೊಳ್ಳಲು ಹೊರಟವರಿಗೆ ಒಂದೇ ಮಾತು. ಹಾರ ಹಾಕಿಸುವ ಮೊದಲು ಮೊಬೈಲಿನ ಜಿಪಿಎಸ್ ಹಚ್ಚಿ, ಸಮತಟ್ಟಾದ ರಸ್ತೆಯಲ್ಲಿ ಒಂದು ರೌಂಡು ಹೋಗಿ ಬನ್ನಿ. ಇಪ್ಪತ್ತೈದು ದಾಟಿತೋ, ನಂಬರ್ ಪ್ಲೇಟ್ ಕೇಳಿ. ಇಲ್ಲ ಎಂದರೆ ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ಸಿಟಿ ಬಸ್ಸು ಹತ್ತಿ.